ಓಡುತ್ತಿರುವುದು ಗಡಿಯಾರ, ಹುಡುಗನಲ್ಲ

ಮೊನ್ನೆ ರಾತ್ರಿ ನಮ್ಮ ಅಪ್ಪ ಡೆಲಿವರಿ ಹುಡುಗನೊಬ್ಬನಿಗೆ ಗೇಟ್ ಹತ್ತಿರ ನಿಂತು ಬೈದರು. ಆ ಹುಡುಗನದ್ದು ಒಂದು ಚೂರೂ ತಪ್ಪಿರಲಿಲ್ಲ. ಅವತ್ತಿಂದ ಇದನ್ನು ಬರೀಬೇಕು ಅಂತ ಮನಸ್ಸಿನಲ್ಲಿತ್ತು.

ನಾವಿರುವುದು ತುಮಕೂರಿನ ಎಸ್.ಎಸ್. ಪುರಂನಲ್ಲಿ. ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ತರಿಸಿದ್ದೆ. ಆರ್ಡರ್ ಆದ ತಕ್ಷಣ ನನ್ನ ಐಫೋನಿನ ಲಾಕ್ ಸ್ಕ್ರೀನ್ ಮೇಲೆ ಕಾರ್ಡ್ ಬಂತು. ಲೈವ್ ಆಕ್ಟಿವಿಟಿ ಅಂತಾರಲ್ಲ, ಅದು. 2022ರಲ್ಲಿ ಐಒಎಸ್ 16.1ರ ಜೊತೆ ಬಂದದ್ದು. ಹೊರಟಿದ್ದಾರೆ ಅಂತ ಒಂದು ಸಾಲು, ಪಕ್ಕದಲ್ಲಿ 12:00ರಿಂದ ಸೆಕೆಂಡ್ ಸೆಕೆಂಡ್ ಇಳಿಯುವ ಅಂಕಿ. ಅಪ್ಪ ಫೋನನ್ನು ಊಟದ ಟೇಬಲ್ ಮೇಲೆ ನಿಲ್ಲಿಸಿಕೊಂಡು ಅದನ್ನೇ ನೋಡುತ್ತಾ ಕೂತರು. 5:00 ಆಯಿತು, 1:00 ಆಯಿತು, 0:00 ಆಯಿತು. ಯಾರೂ ಬರಲಿಲ್ಲ. ಇಪ್ಪತ್ತು ನಿಮಿಷ ಕಳೆದ ಮೇಲೆ ಹುಡುಗ ಬಂದ.

"ಮನೆ ಹತ್ರಾನೇ ಇದ್ದೀಯ ಅಂತ ತೋರಿಸ್ತಿದೆ, ಎಲ್ಲಪ್ಪಾ ಹೋಗಿದ್ದೆ ಇಷ್ಟೊತ್ತು?" ಅಂದರು ಅಪ್ಪ.

"ಇಲ್ಲ ಅಂಕಲ್, ಬಟವಾಡಿ ಹತ್ರ ಫೋನ್ ಆಫ್ ಆಗೋಯ್ತು. ಅಡ್ರೆಸ್ ಅದರಲ್ಲೇ ಇತ್ತು. ಒಂದು ಅಂಗಡೀಲಿ ಚಾರ್ಜಿಗೆ ಹಾಕ್ಕೊಂಡು ಬಂದೆ."

ಅವನ ಮುಖ ನೋಡಿ ನನಗೆ ತುಂಬಾ ಬೇಜಾರಾಯಿತು. ಯಾಕೆಂದರೆ ಆ ಅಂಕಿ ಅವನ ಗಾಡಿಯನ್ನು ನೋಡಿಕೊಂಡು ಇಳಿಯುತ್ತಿರಲಿಲ್ಲ. ಸರ್ವರ್ ಒಮ್ಮೆ "ಇಷ್ಟು ಗಂಟೆಗೆ ತಲುಪುತ್ತಾನೆ" ಅಂತ ಸಮಯ ಕಳಿಸಿತ್ತು. ಅಲ್ಲಿಂದ ಮುಂದಕ್ಕೆ ಸೆಕೆಂಡ್ ಎಣಿಸಿದ್ದು ನಮ್ಮ ಫೋನೇ. ಈ ಕಾರ್ಡ್ ತಾನಾಗಿ ಇಂಟರ್ನೆಟ್ಟಿಗೆ ಹೋಗಿ ಏನನ್ನೂ ವಿಚಾರಿಸುವುದಿಲ್ಲ. ಆ್ಯಪ್ ಆಗಲಿ, ಆ್ಯಪಲ್‌ನ ಪುಶ್ ಸೇವೆಯ ಮೂಲಕ ಕಂಪನಿಯ ಸರ್ವರ್ ಆಗಲಿ ಹೊಸದೇನಾದರೂ ಕಳಿಸಿದರೆ ಮಾತ್ರ ಬದಲಾಗುತ್ತದೆ. ಹುಡುಗನ ಫೋನೇ ಆಫ್ ಆದಮೇಲೆ ಅವನೆಲ್ಲಿದ್ದಾನೆ ಅಂತ ಸರ್ವರಿಗೂ ಗೊತ್ತಿಲ್ಲ. ಗಡಿಯಾರ ಮಾತ್ರ ಸುಮ್ನೆ ಓಡುತ್ತಲೇ ಇರುತ್ತದೆ.

ಬೇಕಾದರೆ ನೀವೇ ನೋಡಿ. ಸೆಕೆಂಡ್ ಇಳಿಯುವಂಥ ಕಾರ್ಡ್ ಬಂದಾಗ ಅರ್ಧ ನಿಮಿಷ ಏರೋಪ್ಲೇನ್ ಮೋಡ್ ಹಾಕಿ. ನೆಟ್‌ವರ್ಕ್ ಇಲ್ಲದಿದ್ದರೂ ಅಂಕಿ ಇಳಿಯುತ್ತದೆ. ಅದೇ "8 ನಿಮಿಷ" ಅಂತ ಬರೀ ಅಕ್ಷರದಲ್ಲಿದ್ದರೆ, ಹೊಸ ಸುದ್ದಿ ಬರುವವರೆಗೆ ಅದು ಅಲ್ಲೇ ನಿಂತಿರುತ್ತದೆ. ನನ್ನ ಪ್ರಕಾರ ಡೆಲಿವರಿಗೆ ಎರಡನೆಯದೇ ವಾಸಿ. ನಿಂತ ಅಂಕಿ ನೋಡಿದರೆ ಏನೋ ತಡವಾಗಿದೆ ಅಂತ ನಮಗೇ ಹೊಳೆಯುತ್ತದೆ, ಅಲ್ವಾ?

ಇದಕ್ಕೆ ದಾರಿ ಇಲ್ಲ ಅಂತಲ್ಲ. ಈ ಮಾಹಿತಿ ಇಷ್ಟು ಹೊತ್ತಿನ ನಂತರ ಹಳೆಯದು ಅಂತ ಗುರುತು ಹಾಕುವ ಸೌಲಭ್ಯವನ್ನು ಆ್ಯಪಲ್ ಕೊಟ್ಟಿದೆ. ಆ ಹೊತ್ತು ದಾಟಿದರೆ ಕಾರ್ಡ್ ಬೇರೆ ಥರ ಕಾಣುವಂತೆ ಆ್ಯಪ್ ಮಾಡುವವರು ಬರೆದುಕೊಳ್ಳಬಹುದು. 0:00 ತೋರಿಸುವ ಬದಲು "7:36ರ ನಂತರ ಮಾಹಿತಿ ಬಂದಿಲ್ಲ" ಅಂತ ಒಂದು ಸಾಲು ಬಂದಿದ್ದರೆ ಅಪ್ಪ ಬೈಯುತ್ತಿರಲಿಲ್ಲ. ಫೋನ್ ಮಾಡಿ "ಏನಾಯ್ತಪ್ಪಾ?" ಅಂತ ಕೇಳುತ್ತಿದ್ದರು.

ಕ್ರಿಕೆಟ್ ಸ್ಕೋರಿನಲ್ಲೂ ಇದೇ ಕಥೆ, ಕಾರಣ ಮಾತ್ರ ಬೇರೆ. ಒಂದು ಲೈವ್ ಆಕ್ಟಿವಿಟಿ ಹೆಚ್ಚೆಂದರೆ 8 ಗಂಟೆ ನಡೆಯುತ್ತದೆ, ಆಮೇಲೆ ಐಫೋನೇ ಅದನ್ನು ನಿಲ್ಲಿಸುತ್ತದೆ. ಟಿ20ಗೆ ಇದು ಧಾರಾಳ ಸಾಕು. ಒಂದು ದಿನದ ಪಂದ್ಯ ತೆಗೆದುಕೊಳ್ಳಿ. ಮಧ್ಯಾಹ್ನ 1 ಗಂಟೆಗೆ ಟಾಸ್, ಆಗಲೇ ನೀವು ಸ್ಕೋರ್ ಕಾರ್ಡನ್ನು ಲಾಕ್ ಸ್ಕ್ರೀನಿಗೆ ಹಾಕಿಕೊಂಡಿರಿ ಅನ್ನಿ. 1:30ಕ್ಕೆ ಆಟ ಶುರು. ಒಂದೊಂದು ಇನ್ನಿಂಗ್ಸಿಗೆ ಮೂರೂವರೆ ಗಂಟೆ, ನಡುವೆ ಅರ್ಧ ಮುಕ್ಕಾಲು ಗಂಟೆ ಬಿಡುವು. ಆಟ ಮುಗಿಯುವಾಗ 9:15. ನಿಮ್ಮ 8 ಗಂಟೆ 9ಕ್ಕೇ ಮುಗಿದಿರುತ್ತದೆ. ಕೊನೆಯ ಮೂರ್ನಾಲ್ಕು ಓವರ್, ಎದೆ ಹೊಡೆದುಕೊಳ್ಳುವ ಹೊತ್ತು, ಆಗಲೇ ಸ್ಕೋರ್ ನಿಲ್ಲುತ್ತದೆ. ಕಾರ್ಡ್ ಮಾಯವಾಗಿದ್ದರೆ ಆದರೂ ಗೊತ್ತಾಗುತ್ತಿತ್ತು. ನಿಂತ ಮೇಲೂ ಅದು ಲಾಕ್ ಸ್ಕ್ರೀನ್ ಮೇಲೆ ಇನ್ನೂ 4 ಗಂಟೆವರೆಗೆ ಹಳೇ ಸ್ಕೋರ್ ಹೊತ್ತುಕೊಂಡು ಉಳಿಯಬಹುದು. ಸ್ಕ್ರೀನಿನ ಮೇಲ್ತುದಿಯಲ್ಲಿ ಡೈನಾಮಿಕ್ ಐಲ್ಯಾಂಡ್ ಅನ್ನುವ ಕಪ್ಪು ಪಟ್ಟಿ ಇರುವ ಫೋನಾದರೆ ಅಲ್ಲಿ ನೋಡಿ. ಅಲ್ಲಿಂದ ಸ್ಕೋರ್ ಹೋಗಿ ಕೆಳಗೆ ಮಾತ್ರ ಉಳಿದಿದ್ದರೆ ಮುಗಿದುಹೋಗಿದೆ ಅಂತಲೇ ಅರ್ಥ.

ಸ್ಕೋರ್ ಪದೇ ಪದೇ ತಡವಾಗಿ ಬರುತ್ತಿದ್ದರೆ ಅದು ಬೇರೆ ವಿಷಯ. Settingsನಲ್ಲಿ ಆ ಆ್ಯಪಿನ Live Activities ಒಳಗೆ More Frequent Updates ಅಂತ ಇದ್ದರೆ ಆನ್ ಮಾಡಿ. ಬ್ಯಾಟರಿ ಸ್ವಲ್ಪ ಜಾಸ್ತಿ ಖರ್ಚಾಗುತ್ತದೆ.

8 ಗಂಟೆಯ ತೊಂದರೆಗೆ ನಾನು ಕಂಡುಕೊಂಡ ಉಪಾಯ ಸುಲಭ. ಇನ್ನಿಂಗ್ಸ್ ಬಿಡುವಿನಲ್ಲಿ ಕಾರ್ಡನ್ನು ಎಡಕ್ಕೆ ಸರಿಸಿ ತೆಗೆದುಹಾಕಿ, ಆ್ಯಪ್ ತೆರೆದು ಮತ್ತೆ ಶುರು ಮಾಡುವುದು. ಲೆಕ್ಕ ಹೊಸದಾಗಿ ಆರಂಭವಾಗುತ್ತದೆ. ಅಪ್ಪನಿಗೂ ಹೇಳಿಕೊಟ್ಟಿದ್ದೇನೆ. ಡೆಲಿವರಿ ಕಾರ್ಡ್ 0:00 ತೋರಿಸಿದರೆ ಈಗ ಅವರೇ "ಪಾಪ, ಹುಡುಗ ಎಲ್ಲಿ ಸಿಕ್ಕಿಹಾಕಿಕೊಂಡನೋ ಕೇಳು" ಅಂತ ಫೋನ್ ನನ್ನ ಕೈಗೆ ಕೊಡುತ್ತಾರೆ.