ಬ್ಯಾಚ್ ಗ್ರೂಪಿಗೆ ರೆಸ್ಯೂಮೆ ಹಾಕುವ ಮುಂಚೆ

ಕಾಲೇಜು ಬಿಟ್ಟು ಹದಿನೈದು ವರ್ಷ ದಾಟಿದವರ ಬ್ಯಾಚ್ ವಾಟ್ಸಾಪ್ ಗ್ರೂಪ್ ಹೇಗಿರುತ್ತದೆ ಅಂತ ಎಲ್ಲರಿಗೂ ಗೊತ್ತು. ಹುಟ್ಟುಹಬ್ಬದ ಶುಭಾಶಯ, ಫಾರ್ವರ್ಡ್, ಆಗಾಗ ಒಂದು ರಾಜಕೀಯದ ಜಗಳ. ನಡುವೆ ಯಾರೋ ಒಬ್ಬರು ರೆಸ್ಯೂಮೆ ಹಾಕಿ "ಎಲ್ಲಾದರೂ ಓಪನಿಂಗ್ ಇದ್ದರೆ ಹೇಳ್ರಪ್ಪಾ" ಅನ್ನುತ್ತಾರೆ. ಒಂದಷ್ಟು ಹೆಬ್ಬೆರಳು ಬೀಳುತ್ತವೆ. "ಖಂಡಿತ ನೋಡ್ತೀನಿ ಮಗಾ" ಅಂತ ಒಬ್ಬ ಬರೆಯುತ್ತಾನೆ. ಅಲ್ಲಿಗೆ ಮುಗಿಯಿತು.

ಗೆಳೆಯರಿಗೆ ಮನಸ್ಸಿಲ್ಲ ಅಂತಲ್ಲ. ಹೊಸದಾಗಿ ಪಾಸಾದವರ ಕೆಲಸಕ್ಕೆ ಈ ದಾರಿ ಸಾಕು. ಕಂಪನಿಗೆ ಒಂದೇ ಥರದ ಹತ್ತಾರು ಜನ ಬೇಕಿರುತ್ತಾರೆ, ಯಾರಾದರೂ ರೆಸ್ಯೂಮೆಯನ್ನು ಎಚ್ಆರ್‌ಗೆ ದಾಟಿಸಿದರೆ ಆಯಿತು. ನಲವತ್ತರ ಆಸುಪಾಸಿನಲ್ಲಿ ಹಾಗಲ್ಲ. ನಿಮಗೆ ಸರಿಹೊಂದುವ ಹುದ್ದೆ ಒಂದು ಕಂಪನಿಯಲ್ಲಿ ಒಂದೋ ಎರಡೋ ಇರುತ್ತದೆ. ಅದು ನಿಮಗೆ ಹೊಂದುತ್ತದೆ ಅಂತ ಹೇಳಲು ಗೆಳೆಯನಿಗೆ ನಿಮ್ಮ ಕೆಲಸ ಅರ್ಥವಾಗಿರಬೇಕು. ಹಾಸ್ಟೆಲ್‌ನಲ್ಲಿ ಜೊತೆಗಿದ್ದವನಿಗೆ ನಿಮ್ಮ ಸ್ವಭಾವ ಗೊತ್ತು, ನಿಮ್ಮ ಕೆಲಸ ಗೊತ್ತಿಲ್ಲ. ಇನ್ನೊಂದು ಅಪಾಯವೂ ಇದೆ. ದೊಡ್ಡ ಗ್ರೂಪಿನಲ್ಲಿ ನಿಮ್ಮ ಈಗಿನ ಕಂಪನಿಯವರೋ, ಅಲ್ಲಿನವರಿಗೆ ಬೇಕಾದವರೋ ಒಬ್ಬರಾದರೂ ಇದ್ದೇ ಇರುತ್ತಾರೆ. ನೀವು ಹೊರಡುವ ಯೋಚನೆಯಲ್ಲಿದ್ದೀರಿ ಅನ್ನುವುದು ನಿಮಗಿಂತ ಮೊದಲೇ ಬಾಸ್ ಕಿವಿಗೆ ಹೋಗುತ್ತದೆ.

ಹಾಗಾಗಿ ನನ್ನ ಪ್ರಕಾರ ಗ್ರೂಪ್ ಒಂದು ಅಡ್ರೆಸ್ ಪುಸ್ತಕ, ಅಷ್ಟೆ. ಅಲ್ಲಿಂದ ಹೆಸರು ತೆಗೆದುಕೊಳ್ಳಿ, ಮಾತು ಬೇರೆ ಕಡೆ ಆಡಿ.

ಯಾರ ಹೆಸರು? ನಮ್ಮ ಮನಸ್ಸು ಮೊದಲು ಹೋಗುವುದು ಆಪ್ತರ ಕಡೆಗೆ. ಆದರೆ ದಿನಾ ಮಾತಾಡುವವರಿಗೆ ಗೊತ್ತಿರುವುದು ಹೆಚ್ಚುಕಡಿಮೆ ನಮಗೂ ಗೊತ್ತಿರುತ್ತದೆ. 2011ರಲ್ಲಿ ಡೇನಿಯಲ್ ಲೆವಿನ್, ಹೋರ್ಹೆ ವಾಲ್ಟರ್, ಕೀತ್ ಮರ್ನಿಗನ್ ಎಂಬ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಕೆಲಸದಲ್ಲಿ ಪಳಗಿದ ಮ್ಯಾನೇಜರ್‌ಗಳಿಗೆ, ಮೂರು ವರ್ಷಕ್ಕೂ ಹೆಚ್ಚು ಕಾಲ ಸಂಪರ್ಕವಿಲ್ಲದ ಹಳೆಯ ಪರಿಚಯಸ್ಥರ ಹತ್ತಿರ ತಮ್ಮ ಒಂದು ಪ್ರಾಜೆಕ್ಟ್ ಬಗ್ಗೆ ಸಲಹೆ ಕೇಳಿ ಅಂದರು. ಮತ್ತೆ ಮಾತಾಡಲು ಅನೇಕರು ಹಿಂಜರಿದರು. ಆದರೆ ಸಿಕ್ಕ ಸಲಹೆಯಲ್ಲಿ ಈಗಿನ ಒಡನಾಡಿಗಳು ಕೊಡುವುದಕ್ಕಿಂತ ಹೊಸ ವಿಷಯ ಜಾಸ್ತಿ ಇತ್ತು. ಇಷ್ಟು ವರ್ಷ ಬೇರೆ ದಾರಿಯಲ್ಲಿ ನಡೆದವರು ಬೇರೆಯದನ್ನೇ ಕಂಡಿರುತ್ತಾರೆ ಅಲ್ವಾ. ಹಳೆಯ ನಂಬಿಕೆಯೂ ಪೂರ್ತಿ ಕರಗಿ ಹೋಗಿರುವುದಿಲ್ಲ.

ನನಗೆ ಗೊತ್ತಿರುವ ಒಬ್ಬರ ಕಥೆ ಹೇಳುತ್ತೇನೆ. ವಾಹನಗಳ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕ್ವಾಲಿಟಿ ವಿಭಾಗದ ಮ್ಯಾನೇಜರ್. ವೈದ್ಯಕೀಯ ಉಪಕರಣಗಳ ಕ್ಷೇತ್ರಕ್ಕೆ ಹೋಗಬೇಕು ಅಂತ ಆಸೆ. ಜಾಹೀರಾತು ನೋಡಿದರೆ ಎಲ್ಲದರಲ್ಲೂ "ಇದೇ ಕ್ಷೇತ್ರದ ಅನುಭವ ಕಡ್ಡಾಯ" ಎಂಬ ಸಾಲು. ಅರ್ಜಿ ಹಾಕಿದರೆ ಉತ್ತರವೇ ಇಲ್ಲ.

ಅವರು ಲಿಂಕ್ಡ್‌ಇನ್‌ನಲ್ಲಿ ತಮ್ಮ ಕಾಲೇಜಿನ ಪುಟ ತೆರೆದು Alumni ಎಂಬ ಟ್ಯಾಬ್‌ಗೆ ಹೋದರು. ಅಲ್ಲಿ ಓದಿದ ವರ್ಷ, ಊರು, ಕಂಪನಿ, ಕೆಲಸದ ಬಗೆ ಹಾಕಿ ಸೋಸಬಹುದು. ತಮ್ಮ ಬ್ಯಾಚ್ ಮಾತ್ರ ಹುಡುಕಿದಾಗ ಯಾರೂ ಸಿಗಲಿಲ್ಲ. ಹಿಂದೆ ಮುಂದೆ ಆರೇಳು ವರ್ಷ ಸೇರಿಸಿದಾಗ ಕೆಲವರು ಸಿಕ್ಕರು. ಅದರಲ್ಲಿ ಒಬ್ಬಳು ಐದು ವರ್ಷ ಜೂನಿಯರ್. ಇವಳೂ ಹಿಂದೆ ವಾಹನ ಕ್ಷೇತ್ರದಲ್ಲಿದ್ದು ಆಮೇಲೆ ಅತ್ತ ದಾಟಿದವಳು.

ಇಲ್ಲಿ ಬಹಳ ಜನ ನಿಂತುಬಿಡುತ್ತಾರೆ. ಜೂನಿಯರ್ ಹತ್ತಿರ ಕೇಳುವುದಾ ಅಂತ. ಕೇಳಬೇಕಾದದ್ದೇ ಅವರ ಹತ್ತಿರ. ತುಂಬಾ ಮೇಲಿರುವ ಸೀನಿಯರ್‌ಗೆ ನೇಮಕಾತಿಯ ಒಳವಿವರ ಗೊತ್ತಿರುವುದೇ ಅಪರೂಪ. ಈಚೆಗೆ ಅದೇ ಹೊಸ್ತಿಲು ದಾಟಿದವರಿಗೆ ಬಾಗಿಲು ಎಲ್ಲಿದೆ ಅಂತ ನೆನಪಿರುತ್ತದೆ.

ಅವರು ಕಳಿಸಿದ ಮೆಸೇಜ್ ಹೆಚ್ಚುಕಡಿಮೆ ಹೀಗಿತ್ತು: "ನಮಸ್ಕಾರ. ನಾನು ಮೆಕ್ಯಾನಿಕಲ್ ವಿಭಾಗದಲ್ಲಿ ನಿಮಗಿಂತ ಐದು ವರ್ಷ ಸೀನಿಯರ್. ನಾವು ಭೇಟಿಯಾದ ನೆನಪಿಲ್ಲ. ಈಗ ವಾಹನ ಬಿಡಿಭಾಗಗಳ ಕ್ವಾಲಿಟಿ ನೋಡಿಕೊಳ್ಳುತ್ತಿದ್ದೇನೆ. ನೀವು ಇಲ್ಲಿಂದ ವೈದ್ಯಕೀಯ ಉಪಕರಣಗಳ ಕಡೆ ಹೋಗಿದ್ದು ನೋಡಿದೆ. ನಮ್ಮಂಥವರನ್ನು ಅಲ್ಲಿ ಯಾವ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ, ಯಾವುದಕ್ಕೆ ಬೇಡ ಅನ್ನುತ್ತಾರೆ ಅಂತ ಇಪ್ಪತ್ತು ನಿಮಿಷ ಕೇಳಬೇಕಿತ್ತು. ಈ ವಿಷಯ ಸದ್ಯಕ್ಕೆ ನಮ್ಮಲ್ಲೇ ಇರಲಿ."

ರೆಸ್ಯೂಮೆ ಇಲ್ಲ, "ಓಪನಿಂಗ್ ಇದೆಯಾ" ಎಂಬ ಪ್ರಶ್ನೆಯೂ ಇಲ್ಲ. ಆ ಪ್ರಶ್ನೆಗೆ ಬರುವ ಉತ್ತರ ಸಾಮಾನ್ಯವಾಗಿ "ಈಗ ಇಲ್ಲ". ಮಾತು ಅಲ್ಲೇ ಸಾಯುತ್ತದೆ. ತಾನು ನಡೆದ ದಾರಿಯ ಬಗ್ಗೆ ಕೇಳಿದರೆ ಯಾರಿಗೂ ಹೇಳಲು ಏನಾದರೂ ಇರುತ್ತದೆ.

ಫೋನಿನಲ್ಲಿ ಅವಳು ಹೇಳಿದ್ದು ಯಾವ ಜಾಹೀರಾತಿನಲ್ಲೂ ಇರಲಿಲ್ಲ. ಉಪಕರಣದ ವಿನ್ಯಾಸಕ್ಕೆ ಸಂಬಂಧಿಸಿದ ಕ್ವಾಲಿಟಿ ಹುದ್ದೆಗೆ ಹೊರಗಿನವರನ್ನು ಸುಲಭಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಸಪ್ಲೈಯರ್ ಕ್ವಾಲಿಟಿ, ಅಂದರೆ ಬಿಡಿಭಾಗ ಪೂರೈಸುವ ಕಾರ್ಖಾನೆಗಳನ್ನು ಪರಿಶೀಲಿಸುವ ಕೆಲಸಕ್ಕೆ ವಾಹನ ಕ್ಷೇತ್ರದವರು ಬೇಕು, ಯಾಕೆಂದರೆ ಆ ಕಟ್ಟುನಿಟ್ಟು ಅವರಿಗೆ ಅಭ್ಯಾಸ. ವಾಹನ ಕ್ಷೇತ್ರದ ಗುಣಮಟ್ಟದ ಮಾನದಂಡವಾದ ಐಎಟಿಎಫ್ 16949 ಗೊತ್ತಿದ್ದರೆ ಸಾಲದು, ವೈದ್ಯಕೀಯ ಉಪಕರಣಗಳ ಮಾನದಂಡವಾದ ಐಎಸ್ಒ 13485 ಓದಿಕೊಂಡು, ಎರಡಕ್ಕೂ ಎಲ್ಲಿ ವ್ಯತ್ಯಾಸ ಅಂತ ಸಂದರ್ಶನದಲ್ಲಿ ಹೇಳಲು ಬರಬೇಕು. ಕೊನೆಗೆ ಇನ್ನೊಂದು ಮಾತು ಸೇರಿಸಿದಳು. "ನಮ್ಮ ಕಂಪನಿಯ ಪೋರ್ಟಲ್‌ನಲ್ಲಿ ನೀವೇ ಅರ್ಜಿ ಹಾಕಬೇಡಿ ಸರ್. ಒಮ್ಮೆ ಹಾಕಿದರೆ ಆಮೇಲೆ ನನಗೆ ರೆಫರ್ ಮಾಡಲು ಬರುವುದಿಲ್ಲ." ಎಷ್ಟೋ ಕಂಪನಿಗಳಲ್ಲಿ ಈ ನಿಯಮ ಇದೆ. ಮೊದಲು ಕೇಳಿ, ಆಮೇಲೆ ಅರ್ಜಿ.

ಅವರು ಒಂದು ಒಳ್ಳೆಯ ಕೆಲಸ ಮಾಡಿದರು. ಆ ಮಾನದಂಡದ ಬಗ್ಗೆ ಸಣ್ಣ ತರಬೇತಿ ಮುಗಿಸಿ, "ನೀವು ಹೇಳಿದ್ದು ಮಾಡಿದೆ, ಇಂಥ ಭಾಗ ಕಷ್ಟ ಅನ್ನಿಸಿತು" ಅಂತ ಎರಡು ಸಾಲು ಬರೆದರು. ಏನನ್ನೂ ಕೇಳಲಿಲ್ಲ. ಕೆಲವು ತಿಂಗಳ ಮೇಲೆ ಸಪ್ಲೈಯರ್ ಕ್ವಾಲಿಟಿಯಲ್ಲಿ ಹುದ್ದೆ ಬಂದಾಗ ಅವಳೇ ಮೆಸೇಜ್ ಮಾಡಿದಳು. ಸಂದರ್ಶನ ಅವರೇ ಗೆಲ್ಲಬೇಕಿತ್ತು, ಗೆದ್ದರು. ಅವಳಿಂದ ಸಿಕ್ಕಿದ್ದು ಬಾಗಿಲವರೆಗಿನ ದಾರಿ ಮಾತ್ರ.

ಇದು ಪ್ರತಿ ಸಲ ಹೀಗೇ ಆಗುವುದಿಲ್ಲ. ಬಹಳ ಮೆಸೇಜ್‌ಗಳಿಗೆ ಉತ್ತರ ಬರುವುದಿಲ್ಲ. ಒಂದೆರಡು ವಾರ ಬಿಟ್ಟು ಇನ್ನೊಮ್ಮೆ ನೆನಪಿಸಿ, ಆಮೇಲೆ ಬಿಟ್ಟುಬಿಡಿ. "ರೆಸ್ಯೂಮೆ ಕಳಿಸಿ, ನೋಡೋಣ" ಅಂತಷ್ಟೇ ಬಂದರೆ ಅದು ಹೆಚ್ಚಿನ ಸಲ ನಯವಾದ ಮುಕ್ತಾಯ. ಎದುರಿನವರು ನಿಮಗೇ ಪ್ರಶ್ನೆ ಕೇಳಲು ಶುರುಮಾಡಿದರೆ ಮಾತ್ರ ಮುಂದೆ ದಾರಿ ಇದೆ ಅನ್ನಿ.

ಇನ್ನು ಹಳೆ ವಿದ್ಯಾರ್ಥಿಗಳ ಸಂಘದ ಚಾಪ್ಟರ್‌ಗಳು. ವಾರ್ಷಿಕ ಕೂಟಕ್ಕೆ ಹೋಗಿ ವಿಸಿಟಿಂಗ್ ಕಾರ್ಡ್ ಹಂಚಿದರೆ ಏನೂ ಆಗುವುದಿಲ್ಲ, ಜನ ತಮ್ಮ ಬ್ಯಾಚಿನವರ ಜೊತೆಗೇ ಗುಂಪು ಕಟ್ಟಿಕೊಂಡು ನಿಂತಿರುತ್ತಾರೆ. ಅಲ್ಲಿ ನಿಜವಾಗಿ ಉಪಯೋಗಕ್ಕೆ ಬರುವವರು ಕಾರ್ಯದರ್ಶಿ. ಚಂದಾ ಕೇಳಿ, ಹಾಲ್ ಬುಕ್ ಮಾಡಿ ಸುಸ್ತಾದ ಆ ಮನುಷ್ಯನಿಗೆ ಯಾರು ಎಲ್ಲಿದ್ದಾರೆ, ಯಾರು ಕಂಪನಿ ಬಿಟ್ಟರು ಅಂತ ಡೈರೆಕ್ಟರಿಗಿಂತ ಚೆನ್ನಾಗಿ ಗೊತ್ತು. ಡೈರೆಕ್ಟರಿಯಲ್ಲಿ ಅರ್ಧ ಇಮೇಲ್‌ಗಳು ಯಾವುದೋ ಕಾಲದವು. ನೋಂದಣಿ ಟೇಬಲ್‌ನಲ್ಲಿ ಒಂದು ಸಂಜೆ ಕೂರುತ್ತೇನೆ ಅಂತ ಅವರಿಗೆ ಹೇಳಿ ನೋಡಿ. ಬರುವ ಪ್ರತಿಯೊಬ್ಬರೂ ನಿಮ್ಮ ಮುಂದೆ ನಿಂತು ಹೆಸರು, ಬ್ಯಾಚು, ಈಗಿನ ಕೆಲಸ ಬರೆಸಿ ಹೋಗುತ್ತಾರೆ. ಮಾತಿಗೆ ನೆಪ ಹುಡುಕುವ ಕಷ್ಟವೇ ಇಲ್ಲ. ಆ ಪಟ್ಟಿಯ ನಂಬರ್‌ಗಳನ್ನು ಮಾತ್ರ ನಿಮ್ಮ ಫೋನಿಗೆ ಇಳಿಸಿಕೊಳ್ಳಬೇಡಿ. ಬೇಕಾದವರನ್ನು ಅಲ್ಲೇ ಕೇಳಿ ಪಡೆಯಿರಿ.