ಮಗುವನ್ನು ಮಾತಿಗೆ ಕರೆಯಬೇಡಿ, ಮಾತಿರುವ ಕಡೆ ನೀವೇ ಹೋಗಿ

"ಮನೇಲಿ ಹುಲಿ, ಬೀದೀಲಿ ಇಲಿ" ಅಂತ ನಾವು ನಕ್ಕು ಸುಮ್ಮನಾಗುವ ಮಕ್ಕಳಲ್ಲಿ ಕೆಲವರು ಇಲಿಯೂ ಅಲ್ಲ. ಇಲಿಯಾದರೂ ಕೀಚ್ ಅನ್ನುತ್ತದೆ. ಈ ಮಕ್ಕಳು ಶಾಲೆಯ ಗೇಟು ದಾಟಿದ ಮೇಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಒಂದು ಮಾತೂ ಆಡುವುದಿಲ್ಲ. ಬಿದ್ದು ಮೊಣಕಾಲು ತರಚಿದರೂ ಹೇಳುವುದಿಲ್ಲ, ಮೂತ್ರಕ್ಕೆ ಅವಸರವಾದರೂ ಕೇಳುವುದಿಲ್ಲ. ಅದೇ ಮಗು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಬಾಯಿ ತೆರೆದರೆ ರಾತ್ರಿ ಮಲಗುವ ತನಕ ಮುಚ್ಚುವುದಿಲ್ಲ. ಅದಕ್ಕೇ ಟೀಚರ್ "ನಿಮ್ಮ ಮಗಳು ಮಾತೇ ಆಡಲ್ಲ" ಅಂದಾಗ ಅಮ್ಮನಿಗೆ ನಂಬಿಕೆ ಬರುವುದಿಲ್ಲ, ಅಮ್ಮ "ಮನೇಲಿ ತಲೆ ತಿಂತಾಳೆ" ಅಂದಾಗ ಟೀಚರಿಗೆ ನಂಬಿಕೆ ಬರುವುದಿಲ್ಲ.

ಇದರ ಹೆಸರು ಸೆಲೆಕ್ಟಿವ್ ಮ್ಯೂಟಿಸಂ. ಕನ್ನಡದಲ್ಲಿ "ಆಯ್ದ ಮೂಕತನ" ಅನ್ನುವುದುಂಟು. ನನಗೆ ಆ ಪದ ಇಷ್ಟವಿಲ್ಲ, ಮಗುವೇ ಕೂತು ಆರಿಸಿಕೊಂಡಿತು ಅನ್ನುವ ಹಾಗೆ ಕೇಳಿಸುತ್ತದೆ. ತಪ್ಪು ಅನುವಾದದ್ದಲ್ಲ, ಹಳೆಯದು. 1877ರಲ್ಲಿ ಜರ್ಮನ್ ವೈದ್ಯ ಅಡಾಲ್ಫ್ ಕುಸ್ಮೌಲ್ ಇದಕ್ಕೆ ಇಟ್ಟ ಹೆಸರಿನ ಅರ್ಥವೇ "ಬೇಕೆಂದೇ ಮಾತು ಬಿಟ್ಟ ಸ್ಥಿತಿ". 1934ರಲ್ಲಿ ಬಂದ "ಎಲೆಕ್ಟಿವ್ ಮ್ಯೂಟಿಸಂ" ಅನ್ನುವ ಹೆಸರಲ್ಲೂ ಅದೇ ಹಟದ ವಾಸನೆ. ಅಮೆರಿಕದ ಮನೋವೈದ್ಯರ ಕೈಪಿಡಿ 1994ರಲ್ಲಿ ಹೆಸರನ್ನು "ಸೆಲೆಕ್ಟಿವ್" ಅಂತ ತಿದ್ದಿತು, 2013ರಲ್ಲಿ ಇದನ್ನು ಆತಂಕದ ತೊಂದರೆಗಳ ಗುಂಪಿಗೆ ಸೇರಿಸಿತು. ಅಂದರೆ ಮಗು ಮಾತಾಡಲು ಒಲ್ಲೆ ಅನ್ನುತ್ತಿಲ್ಲ, ಆ ಜಾಗದಲ್ಲಿ ಆ ಜನರ ಮುಂದೆ ಅದಕ್ಕೆ ಮಾತು ಹೊರಡುತ್ತಿಲ್ಲ. ಪ್ರಶ್ನೆ ಕೇಳಿದ ಕ್ಷಣ ಮುಖ ನೋಡಿ: ತುಟಿ ಬಿಗಿದಿರುತ್ತದೆ, ಕಣ್ಣು ಒಂದೇ ಕಡೆ ನೆಟ್ಟಿರುತ್ತದೆ, ಭುಜ ಕಲ್ಲಾಗಿರುತ್ತದೆ. ಹಟದ ಮುಖ ಹಾಗಿರುವುದಿಲ್ಲ.

ಹಾಗಂತ ಶಾಲೆಗೆ ಸೇರಿದ ಮೊದಲ ತಿಂಗಳು ಸುಮ್ಮನಿರುವ ಮಗುವಿಗೆಲ್ಲ ಈ ಹೆಸರು ಅಂಟಿಸಬಾರದು. ಮೊದಲ ತಿಂಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಶಾಲೆಯ ಭಾಷೆ ಇನ್ನೂ ಬಾರದ್ದಕ್ಕೆ ಸುಮ್ಮನಿರುವ ಮಗುವೂ ಬೇರೆ. ಆದರೆ ತನ್ನ ಮನೆಮಾತು ಬಲ್ಲವರ ಜೊತೆಗೂ ಶಾಲೆಯಲ್ಲಿ ತಿಂಗಳುಗಳ ಕಾಲ ಬಾಯಿ ಬಿಡದಿದ್ದರೆ "ದೊಡ್ಡವಳಾದ ಮೇಲೆ ಸರಿಹೋಗ್ತಾಳೆ" ಅಂತ ಕಾಯಬೇಡಿ. ಒಮ್ಮೆ ಕಿವಿ ಮತ್ತು ಮಾತಿನ ಪರೀಕ್ಷೆ ಮಾಡಿಸಿ, ಮಕ್ಕಳ ಮನಶ್ಶಾಸ್ತ್ರ ಬಲ್ಲವರಿಗೆ ತೋರಿಸಿ. ಮಾತಾಡದೆ ಇರುವುದು ಬಹಳ ಬೇಗ ರೂಢಿಯಾಗುತ್ತದೆ.

ಅದು ರೂಢಿಯಾಗುವುದು ನಾವೇ ಮಾಡುವ ಒಂದು ಕೆಲಸದಿಂದ. ಪಕ್ಕದವರು "ಏನಮ್ಮ ನಿನ್ನ ಹೆಸರು?" ಅಂತಾರೆ. ಮಗು ಬಿಗಿಯುತ್ತದೆ. ಮೂರು ಸೆಕೆಂಡು ಮೌನ. ಆ ಮೌನ ಅಮ್ಮನಿಗೆ ತಡೆಯಲಾಗುವುದಿಲ್ಲ, ತಾನೇ ಹೆಸರು ಹೇಳುತ್ತಾಳೆ. ಕೇಳಿದವರಿಗೆ ಸಮಾಧಾನ, ಅಮ್ಮನಿಗೆ ಸಮಾಧಾನ, ಎಲ್ಲರಿಗಿಂತ ಹೆಚ್ಚು ಸಮಾಧಾನ ಮಗುವಿಗೆ. ಬಾಯಿ ಮುಚ್ಚಿಕೊಂಡರೆ ಭಯ ಹೋಗುತ್ತದೆ ಅನ್ನುವ ಪಾಠ ಅದಕ್ಕೆ ಮತ್ತೊಮ್ಮೆ ಆಯಿತು. ಇದರಲ್ಲಿ ಅಮ್ಮನದು ತಪ್ಪು ಅನ್ನುವಂತಿಲ್ಲ, ಯಾರಾದರೂ ಹಾಗೇ ಮಾಡುತ್ತಾರೆ. ಆದರೆ ಇದಕ್ಕೆ ವಿರುದ್ಧವಾದ ದಾರಿ, ಅಂದರೆ "ಹೇಳೋ ತನಕ ಬಿಡಲ್ಲ" ಅಂತ ನಿಲ್ಲಿಸಿಕೊಳ್ಳುವುದು, ಇನ್ನೂ ಕೆಟ್ಟದ್ದು. ಭಯವನ್ನು ಅದು ದುಪ್ಪಟ್ಟು ಮಾಡುತ್ತದೆ.

ಇವೆರಡರ ನಡುವೆ ಒಂದು ದಾರಿ ಇದೆ. ಮಗುವನ್ನು ಟೀಚರ ಬಳಿಗೆ ಕರೆದೊಯ್ದು ಮಾತಾಡಿಸುವುದಲ್ಲ. ಮಗು ಆಗಲೇ ಮಾತಾಡುತ್ತಿರುವ ಕಡೆಗೆ ಟೀಚರ್ ಮೆಲ್ಲಗೆ ಜಾರಿಕೊಂಡು ಬರುವುದು. ಇಂಗ್ಲಿಷಿನಲ್ಲಿ ಇದನ್ನು "ಸ್ಲೈಡಿಂಗ್ ಇನ್" ಅನ್ನುತ್ತಾರೆ. ಆರು ವರ್ಷದ ಒಬ್ಬ ಪುಟ್ಟಿಯನ್ನು ಕಲ್ಪಿಸಿಕೊಂಡು ನೋಡೋಣ.

ತರಗತಿಗಳು ಮುಗಿದ ಮೇಲೆ ಒಂದು ಖಾಲಿ ಕೋಣೆ. ಅಮ್ಮ, ಪುಟ್ಟಿ ಇಬ್ಬರೇ, ಬಾಗಿಲು ಮುಚ್ಚಿದೆ. ಹತ್ತು ಹದಿನೈದು ನಿಮಿಷ ಪುಟ್ಟಿಗೆ ಇಷ್ಟವಾದ ಆಟ. ಮನೆಯಲ್ಲಿ ಆಡುವಷ್ಟೇ ಗಟ್ಟಿ ದನಿ ಇಲ್ಲೂ ಬರುವ ತನಕ ಮುಂದಿನ ಹೆಜ್ಜೆ ಇಲ್ಲ. ಒಂದೇ ದಿನಕ್ಕೆ ಬರಬಹುದು, ಒಂದು ವಾರವೂ ಹಿಡಿಯಬಹುದು. ವಾರಕ್ಕೊಂದು ಸಲ ಒಂದು ಗಂಟೆ ಕೂರುವುದಕ್ಕಿಂತ ವಾರಕ್ಕೆ ಮೂರು ಸಲ ಹತ್ತು ನಿಮಿಷ ಮೇಲು. ನಡುವೆ ಅಂತರ ಹೆಚ್ಚಾದಷ್ಟೂ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ದನಿ ಬಂದ ಮೇಲೆ ಆಟದ ಜಾಗಕ್ಕೆ ಎಣಿಕೆ ಬರುತ್ತದೆ. ಅಮ್ಮ "ಒಂದು", ಪುಟ್ಟಿ "ಎರಡು", ಅಮ್ಮ "ಮೂರು", ಹೀಗೆ ಹತ್ತರ ತನಕ. ಎಣಿಕೆಯೇ ಯಾಕೆ ಅಂದರೆ ಅದರಲ್ಲಿ ಏನು ಹೇಳಬೇಕು ಅಂತ ಯೋಚಿಸುವುದಿಲ್ಲ, ತಪ್ಪಾಗುವ ಹೆದರಿಕೆ ಇಲ್ಲ, ಯಾವಾಗ ಮುಗಿಯುತ್ತದೆ ಅನ್ನುವುದು ಮೊದಲೇ ಗೊತ್ತು. ವಾರದ ದಿನಗಳೂ ನಡೆಯುತ್ತವೆ. ಟೀಚರ್ ಏನು ಮಾಡುತ್ತಾರೆ ಅನ್ನುವುದನ್ನು ಪುಟ್ಟಿಗೆ ಮುಂಚೆಯೇ ಹೇಳಿರಬೇಕು: "ಮಿಸ್ ಹೊರಗೆ ಓಡಾಡ್ತಿರ್ತಾರೆ, ಒಳಗೆ ಬರಲ್ಲ." ಕದ್ದು ಕೇಳಿಸಿಕೊಳ್ಳುವುದು ಸಲ್ಲದು. ಸಿಕ್ಕಿಬಿದ್ದ ಒಂದು ದಿನಕ್ಕೆ ತಿಂಗಳ ನಂಬಿಕೆ ಹೋಗುತ್ತದೆ.

ಮೊದಲು ಮಿಸ್ ಬಾಗಿಲಾಚೆ, ದೂರದಲ್ಲಿ. ಇವರು ಹತ್ತರ ತನಕ ಎಣಿಸುತ್ತಾರೆ. ಆಮೇಲೆ ಮಿಸ್ ಬಾಗಿಲ ಹತ್ತಿರ. ಆಮೇಲೆ ಬಾಗಿಲು ಒಂದು ಗೇಣು ತೆರೆದಿದೆ. ಆಮೇಲೆ ಪೂರ್ತಿ ತೆರೆದಿದೆ, ಮಿಸ್ ಹೊಸ್ತಿಲ ಆಚೆ ಬೆನ್ನು ತಿರುಗಿಸಿ ನಿಂತಿದ್ದಾರೆ. ಆಮೇಲೆ ಕೋಣೆಯೊಳಗೆ, ಮೂಲೆಯಲ್ಲಿ, ಪುಸ್ತಕಗಳನ್ನು ಜೋಡಿಸುತ್ತಾ. ಆಮೇಲೆ ಕುರ್ಚಿಯಲ್ಲಿ, ಇವರ ಕಡೆ ಪಕ್ಕಕ್ಕೆ ತಿರುಗಿ. ಕೊನೆಗೆ ಅದೇ ಮೇಜಿನಲ್ಲಿ. ಪ್ರತಿ ಬದಲಾವಣೆಗೂ ಒಂದು ಎಣಿಕೆ. ದನಿ ತಗ್ಗದಿದ್ದರೆ ಮುಂದಕ್ಕೆ, ಪಿಸುಮಾತಿಗೆ ಇಳಿದರೆ ಒಂದು ಹೆಜ್ಜೆ ಹಿಂದಕ್ಕೆ. ಇಷ್ಟೇ ನಿಯಮ.

ಈಗ ಎಣಿಕೆಯಲ್ಲಿ ಮೂರನೆಯ ದನಿ ಸೇರುತ್ತದೆ. ಅಮ್ಮ "ಒಂದು", ಪುಟ್ಟಿ "ಎರಡು", ಮಿಸ್ "ಮೂರು". ಮಿಸ್ ಪುಟ್ಟಿಯ ಮುಖ ನೋಡುವುದಿಲ್ಲ, ಮೇಜಿನ ಮೇಲಿನ ಬೆರಳನ್ನು ನೋಡುತ್ತಾರೆ. ಕೆಲವು ಸುತ್ತು ಆದ ಮೇಲೆ ಅಮ್ಮ ಒಂದೆರಡು ಸರದಿ ಬಿಡುತ್ತಾಳೆ, ಎಣಿಕೆ ಪುಟ್ಟಿ ಮತ್ತು ಮಿಸ್ ನಡುವೆಯೇ ಸಾಗುತ್ತದೆ. ಆಮೇಲೆ ಅಮ್ಮನ ಕುರ್ಚಿ ಹಿಂದೆ ಸರಿಯುತ್ತದೆ, ಬಾಗಿಲಿಗೆ ಹೋಗುತ್ತದೆ, ಹೊರಗೆ ಹೋಗುತ್ತದೆ. ಮಿಸ್ ಬಂದ ದಾರಿಯಲ್ಲೇ ಅಮ್ಮ ಹೊರಡುತ್ತಾಳೆ. ಬಹಳ ಜನ ಈ ಅರ್ಧವನ್ನು ಮರೆಯುತ್ತಾರೆ. ಅಮ್ಮ ಪಕ್ಕದಲ್ಲೇ ಉಳಿದರೆ ಪುಟ್ಟಿ ಉತ್ತರವನ್ನು ಅಮ್ಮನ ಕಿವಿಯಲ್ಲಿ ಹೇಳಿ, ಅಮ್ಮ ಅದನ್ನು ಮಿಸ್‌ಗೆ ಮುಟ್ಟಿಸುವ ಹೊಸ ರೂಢಿ ಹುಟ್ಟುತ್ತದೆ.

ಎಣಿಕೆಯಿಂದ ಮಾತಿಗೆ ಬರುವಾಗ ಪ್ರಶ್ನೆಯ ಆಕಾರವೇ ಎಲ್ಲವೂ. "ಇದು ಕೆಂಪಾ?" ಅಂದರೆ ತಲೆ ಅಲ್ಲಾಡಿಸಿದರೆ ಸಾಕು, ಬಾಯಿಗೆ ಕೆಲಸವೇ ಇಲ್ಲ. "ಇದರ ಬಗ್ಗೆ ಹೇಳು" ಅಂದರೆ ಎಲ್ಲಿಂದ ಶುರು ಮಾಡುವುದು ಗೊತ್ತಾಗದೆ ಮಗು ಮತ್ತೆ ಬಿಗಿಯುತ್ತದೆ. "ಕೆಂಪಾ, ನೀಲಿನಾ?" ಅಂತ ಕೇಳಿ. ಉತ್ತರ ಪ್ರಶ್ನೆಯಲ್ಲೇ ಇದೆ, ಒಂದು ಪದ ಸಾಕು, ಆದರೆ ಆ ಪದವನ್ನು ಆಡಲೇಬೇಕು. ಕೇಳಿದ ಮೇಲೆ ಮನಸ್ಸಿನಲ್ಲೇ ಐದು ಸೆಕೆಂಡು ಎಣಿಸಿ. ಅದು ತುಂಬಾ ಉದ್ದ ಅನಿಸುತ್ತದೆ, ಆದರೂ ತಡೆಯಿರಿ. ಉತ್ತರ ಬರದಿದ್ದರೆ ಅದೇ ಪ್ರಶ್ನೆ ಇನ್ನೊಮ್ಮೆ. ಆಗಲೂ ಇಲ್ಲವಾದರೆ ಬೆರಳು ತೋರಿಸುವ ಮಟ್ಟಕ್ಕೆ ಇಳಿದು, ಅಲ್ಲಿ ಒಂದು ಉತ್ತರ ಪಡೆದು ಮುಗಿಸಿ. ನೀವೇ ಉತ್ತರ ಹೇಳಿ ಮುಗಿಸಬೇಡಿ. ಪ್ರಶ್ನೆಗಳ ಮಳೆಯೂ ಬೇಡ. ನಡುವೆ ಮಗು ಮಾಡುತ್ತಿರುವುದನ್ನು ಸುಮ್ಮನೆ ಹೇಳುತ್ತಾ ಹೋಗಿ: "ಓ, ಮನೆಗೆ ಎರಡು ಕಿಟಕಿ ಇಟ್ಟೆ."

ಉತ್ತರ ಬಂದಾಗ ಏನು ಮಾಡುತ್ತೀರಿ ಅನ್ನುವುದರಲ್ಲಿ ಎಷ್ಟೋ ಸಲ ಇಡೀ ಕೆಲಸ ಕೆಡುತ್ತದೆ. "ಅಯ್ಯೋ, ಪುಟ್ಟಿ ಮಾತಾಡಿದ್ಲು!" ಅಂತ ಚಪ್ಪಾಳೆ ತಟ್ಟಿದರೆ, ಎಲ್ಲರೂ ತನ್ನನ್ನೇ ನೋಡುತ್ತಾರೆ ಅಂತ ಅವಳು ಹೆದರಿದ್ದು ನಿಜವಾಯಿತು. "ನೀಲಿ ಅಂತ ಹೇಳಿದ್ದು ಒಳ್ಳೇದಾಯ್ತು, ತಗೋ ನೀಲಿ" ಅಂತ ಸಾದಾ ದನಿಯಲ್ಲಿ ಹೇಳಿ ಆಟ ಮುಂದುವರಿಸಿ. ತರಗತಿಯ ಮಕ್ಕಳಿಗೂ ಇದನ್ನು ಪುಟ್ಟಿ ಇಲ್ಲದಾಗ ಮೊದಲೇ ಹೇಳಿಡಬೇಕು, "ಅವಳು ಮಾತಾಡಲ್ಲ ಮಿಸ್" ಅನ್ನುವುದನ್ನೂ ನಿಲ್ಲಿಸಬೇಕು. ದಿನಕ್ಕೆ ಹತ್ತು ಸಲ ಆ ಮಾತು ಕೇಳಿದ ಮಗುವಿಗೆ ಅದೇ ತನ್ನ ಹೆಸರಾಗಿಬಿಡುತ್ತದೆ.

ಇನ್ನೊಂದು ಎಡವಟ್ಟು ಅವಸರ. ಸೋಮವಾರ ಮಿಸ್ ಜೊತೆ ಹತ್ತರ ತನಕ ಎಣಿಸಿದ ಪುಟ್ಟಿಯನ್ನು ಮಂಗಳವಾರ ತರಗತಿಯಲ್ಲಿ ಎಬ್ಬಿಸಿ ಪದ್ಯ ಹೇಳಿಸಿದರೆ ಬುಧವಾರ ಎಣಿಕೆಯೂ ಇರುವುದಿಲ್ಲ. ವ್ಯಕ್ತಿ, ಜಾಗ, ಕೆಲಸ ಈ ಮೂರರಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಅದೇ ಮಿಸ್, ಅದೇ ಆಟ, ಬೇರೆ ಕೋಣೆ. ಅದೇ ಕೋಣೆ, ಅದೇ ಆಟ, ಜೊತೆಗೊಬ್ಬ ಗೆಳತಿ. ಆಮೇಲೆ ಇಬ್ಬರು ಗೆಳತಿಯರು, ಆಮೇಲೆ ತರಗತಿಯ ಮೂಲೆಯಲ್ಲಿ ನಾಲ್ಕು ಜನರ ಗುಂಪು. ಹಾಜರಿಗೆ "ಯೆಸ್ ಮಿಸ್" ಅನ್ನುವುದು ನಮಗೆ ಸುಲಭ ಅನಿಸುತ್ತದೆ, ಆದರೆ ಇಡೀ ತರಗತಿ ಸುಮ್ಮನಾಗಿ ಒಂದೇ ದನಿಗೆ ಕಾಯುವ ಗಳಿಗೆ ಅದು. ನಮಸ್ಕಾರ, ಥ್ಯಾಂಕ್ಯೂ, ಸಾರಿಗಳೂ ಹಾಗೇ, ಈ ಮಕ್ಕಳಿಗೆ ಕೊನೆಗೆ ಬರುವ ಮಾತುಗಳು. ಅವನ್ನು ಮರ್ಯಾದೆಯ ಪ್ರಶ್ನೆ ಮಾಡಿಕೊಳ್ಳಬೇಡಿ. ಅಲ್ಲಿಯವರೆಗೆ ಹಾಜರಿಗೆ ಕೈ ಎತ್ತಲಿ, ಬಚ್ಚಲಿಗೆ ಹೋಗಲು ಮೇಜಿನ ಮೇಲೆ ಒಂದು ಕಾರ್ಡ್ ಇರಲಿ. ಬಚ್ಚಲಿಗೆ ಹೋಗುವುದನ್ನು ಮಾತಿನ ಬಹುಮಾನ ಮಾಡುವಂತಿಲ್ಲ.

ಎಷ್ಟು ದಿನ ಹಿಡಿಯುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಚಿಕ್ಕ ಮಕ್ಕಳಲ್ಲಿ ವಾರಗಳಲ್ಲೇ ಮೊದಲ ದನಿ ಬರುವುದುಂಟು, ತರಗತಿಯಿಡೀ ಹರಡಲು ತಿಂಗಳುಗಳು ಬೇಕು. ದೊಡ್ಡ ಮಕ್ಕಳಲ್ಲಿ ನಿಧಾನ, ಜೊತೆಗೆ ಆಟಿಸಂ ಅಥವಾ ಮಾತಿನ ತೊಂದರೆ ಇದ್ದರೆ ಈ ವಿಧಾನವೊಂದೇ ಸಾಲದು, ತಜ್ಞರೇ ಯೋಜನೆ ಮಾಡಬೇಕು. ರಜೆ ಮುಗಿಸಿ ಬಂದಾಗ ಎರಡು ಮೂರು ಹೆಜ್ಜೆ ಹಿಂದೆ ಹೋಗಿರುವುದು ಸಾಮಾನ್ಯ, ಮತ್ತೆ ಅಲ್ಲಿಂದಲೇ ಹತ್ತಿದರೆ ಮೊದಲಿಗಿಂತ ಬೇಗ ಬರುತ್ತದೆ. ವರ್ಷ ಬದಲಾಗಿ ಹೊಸ ಟೀಚರ್ ಬರುವುದಿದ್ದರೆ ಮಾತ್ರ ರಜೆಗೆ ಮುಂಚೆಯೇ ಅವರನ್ನು ಆ ಖಾಲಿ ಕೋಣೆಯ ಬಾಗಿಲಾಚೆ ನಿಲ್ಲಿಸಿ. ಈ ಸಲ ಒಳಗೆ ಪುಟ್ಟಿಯ ಜೊತೆ "ಒಂದು" ಅನ್ನುವುದು ಅಮ್ಮ ಅಲ್ಲ, ಹಳೆಯ ಮಿಸ್.