ಕಳಶಕ್ಕೆ ಎರಡು ಕಡೆಯಿಂದ ಗುರಿ

ಹತ್ತನೇ ತರಗತಿಯ ಗಣಿತ ಪುಸ್ತಕದಲ್ಲಿ ಬರುವ ಗೋಪುರಕ್ಕೆ ದಪ್ಪ ಎನ್ನುವುದೇ ಇರುವುದಿಲ್ಲ. ನೆಲದ ಮೇಲೆ ನೆಟ್ಟಗೆ ಎಳೆದ ಒಂದು ಗೆರೆ, ಬುಡದಲ್ಲಿ ಲಂಬಕೋನದ ಪುಟ್ಟ ಚೌಕ, ಅಷ್ಟೇ. ದೂರದಿಂದ ನೋಡಿದರೆ 30 ಡಿಗ್ರಿ, ಹತ್ತಿರ ಹೋದರೆ 45 ಇಲ್ಲವೇ 60. ಬೇರೆ ಯಾವ ಕೋನವನ್ನೂ ತೋರಿಸಿ ಅದಕ್ಕೆ ಅಭ್ಯಾಸವಿಲ್ಲ.

ಹಂಪಿಯ ವಿರೂಪಾಕ್ಷ ದೇವಾಲಯದ ಪೂರ್ವದ ಗೋಪುರ ಅಂಥ ಗೆರೆಯಲ್ಲ. ಒಂಬತ್ತು ಅಂತಸ್ತು, ಕೆಳಗೆ ಅಗಲ, ಮೇಲೆ ಹೋದಂತೆ ಸಪೂರ. ಎತ್ತರ ಸುಮಾರು 50 ಮೀಟರ್ ಎಂದು ಎಲ್ಲರೂ ಹೇಳುತ್ತಾರೆ. ಅದನ್ನು ನಾವೇ ಅಳೆಯಬೇಕೆಂದರೆ ಮೊದಲ ತೊಡಕು ಎದುರಾಗುವುದು ಎತ್ತರದಲ್ಲಲ್ಲ, ಬುಡದಲ್ಲಿ. ಕಳಶದಿಂದ ನೂಲುಗುಂಡು ಇಳಿಬಿಟ್ಟರೆ ಅದು ನೆಲ ಮುಟ್ಟುವ ಜಾಗ ಕಟ್ಟಡದ ಹೊಟ್ಟೆಯೊಳಗಿದೆ. ಹೊರಗೆ ನಿಂತವರ ಟೇಪು ಗೋಪುರದ ಎದುರು ಗೋಡೆಗೆ ತಾಗಿ ನಿಲ್ಲುತ್ತದೆ. ಆ ದೂರ ಹಿಡಿದು ಲೆಕ್ಕ ಹಾಕಿದರೆ ಗೋಪುರ ಕಾಗದದ ಮೇಲೆ ಹಲವು ಮೀಟರ್ ಕುಳ್ಳಗಾಗುತ್ತದೆ. ಎರಡು ಕಡೆಯಿಂದ ಕೋನ ಹಿಡಿಯುವ ಉಪಾಯ ಬೇಕಾಗುವುದು ಇಲ್ಲೇ. ಬುಡ ಎಷ್ಟು ದೂರ ಎಂದು ಅದು ಕೇಳುವುದೇ ಇಲ್ಲ. ನಾವು ನಿಂತ ಎರಡು ಜಾಗಗಳ ನಡುವಿನ ಅಂತರ ಕೊಟ್ಟರೆ ಸಾಕು.

ಅದಕ್ಕೆ ಹೇಳಿ ಮಾಡಿಸಿದಂತೆ ಗೋಪುರದ ಮುಂದೆ ರಥಬೀದಿ ಇದೆ. ಎದುರು ಬಸವಣ್ಣ ಎಂಬ ನಂದಿಯ ಕಡೆಗೆ ಮುಕ್ಕಾಲು ಕಿಲೋಮೀಟರಿನಷ್ಟು ನೇರವಾಗಿ ಚಾಚಿಕೊಂಡ ಬೀದಿ. ಗೋಪುರ ಇರುವುದು ಬೀದಿಯ ಪಶ್ಚಿಮದ ತುದಿಯಲ್ಲಾದ್ದರಿಂದ ಅಳೆಯುವ ಕೆಲಸ ಬೆಳಿಗ್ಗೆಯೇ ಮುಗಿಯಬೇಕು. ಸಂಜೆಯಾದರೆ ಸೂರ್ಯ ಕಳಶದ ಹಿಂದೆ ಬರುತ್ತಾನೆ, ನಳಿಕೆಯೊಳಗಿಂದ ಆ ಕಡೆ ನೋಡುವುದು ಕಣ್ಣಿಗೆ ಅಪಾಯ.

ಉಪಕರಣ ಅಂಗಡಿಯದ್ದೇ ಆಗಬೇಕಿಲ್ಲ. ಜಾಮಿಟ್ರಿ ಬಾಕ್ಸಿನ ಅರ್ಧವೃತ್ತದ ಕೋನಮಾಪಕಕ್ಕಿಂತ ದೊಡ್ಡದೊಂದನ್ನು ರಟ್ಟಿನ ಮೇಲೆ ಬರೆದುಕೊಂಡರೆ ಅರ್ಧ ಡಿಗ್ರಿಯವರೆಗೂ ಓದಬಹುದು. ಅದರ ನೇರ ಅಂಚಿಗೆ ಜ್ಯೂಸ್ ಕುಡಿಯುವ ನಳಿಕೆಯೊಂದನ್ನು ಅಂಟಿಸಿ, ಕೇಂದ್ರದ ರಂಧ್ರದಿಂದ ದಾರ ಇಳಿಬಿಟ್ಟು, ತುದಿಗೆ ತೂಕದ ನಟ್ ಕಟ್ಟಬೇಕು. ನೇರ ಅಂಚು ಮೇಲೆ, ಕಮಾನು ಕೆಳಗೆ ಬರುವಂತೆ ಹಿಡಿದು ನಳಿಕೆಯಲ್ಲಿ ಕಳಶದ ತುದಿ ಕಾಣಿಸಿದಾಗ ಪಕ್ಕದಲ್ಲಿ ನಿಂತ ಇನ್ನೊಬ್ಬರು ದಾರ ಎಲ್ಲಿದೆ ಎಂದು ಓದುತ್ತಾರೆ. ಒಬ್ಬರೇ ಎರಡೂ ಕೆಲಸ ಮಾಡಹೊರಟರೆ ಓದಲು ಬಗ್ಗುವಾಗಲೇ ಕೋನ ಕೆಡುತ್ತದೆ. ಗಾಳಿಗೆ ದಾರ ತೂಗಾಡುತ್ತದೆ, ಆದ್ದರಿಂದ ಐದು ಸಲ ಓದಿ ನಡುವಿನದ್ದನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಹಂಪಿಯ ಮಂಗಗಳು ನಳಿಕೆಯನ್ನು ತಿಂಡಿ ಎಂದುಕೊಳ್ಳುವ ಸಾಧ್ಯತೆ ಇದೆ, ಅದಕ್ಕೆ ಸೂತ್ರದಲ್ಲಿ ಪರಿಹಾರವಿಲ್ಲ.

ಗೋಪುರದ ನೆತ್ತಿಯ ಮೇಲೆ ಕಳಶಗಳು ಸಾಲಾಗಿವೆ. ಎರಡೂ ಸಲ ಒಂದೇ ಕಳಶಕ್ಕೆ ಗುರಿ ಇಡಬೇಕು, ಬೀದಿಯ ನಡುವಿಗೆ ಎದುರಾಗಿರುವುದೇ ಅನುಕೂಲ. ತೀರಾ ಹತ್ತಿರ ಹೋದರೆ ಕೆಳ ಅಂತಸ್ತುಗಳ ಅಂಚು ಅಡ್ಡ ಬಂದು ಕಳಶದ ಬದಲು ಅದರ ಕೆಳಗಿನ ಯಾವುದೋ ಗೊಂಬೆ ಗುರಿಗೆ ಸಿಗುತ್ತದೆ.

ಹತ್ತಿರದ ಜಾಗದಲ್ಲಿ ದಾರ 46ರ ಮೇಲೆ ನಿಂತಿತು, ಅಲ್ಲಿಂದ ನೇರ ಹಿಂದಕ್ಕೆ 45 ಮೀಟರ್ ಸರಿದಾಗ 63ರ ಮೇಲೆ ನಿಂತಿತು ಎಂದಿಟ್ಟುಕೊಳ್ಳೋಣ. ಇವು ಉನ್ನತ ಕೋನಗಳಲ್ಲ, ಅಂದರೆ ಕಣ್ಣಿನ ಮಟ್ಟದಿಂದ ಕಳಶ ಎಷ್ಟು ಮೇಲಿದೆ ಎಂದು ಹೇಳುವ ಕೋನಗಳಲ್ಲ. ನಳಿಕೆ ಮಟ್ಟವಾಗಿದ್ದಾಗ ದಾರ 90ರಲ್ಲಿರುತ್ತದೆ, ಹಾಗಾಗಿ 90ರಿಂದ ಕಳೆಯಬೇಕು: ಹತ್ತಿರ 44 ಡಿಗ್ರಿ, ದೂರ 27 ಡಿಗ್ರಿ. ಕಳೆಯಲು ಮರೆತವರನ್ನು ಲೆಕ್ಕವೇ ಹಿಡಿದುಕೊಡುತ್ತದೆ. ಹಿಂದೆ ಸರಿದಂತೆ ಉನ್ನತ ಕೋನ ಇಳಿಯಬೇಕು. ಏರಿದ್ದರೆ ಬರೆದುಕೊಂಡದ್ದು ದಾರದ ಅಂಕಿಯೇ ಹೊರತು ಕೋನವಲ್ಲ, ಉತ್ತರವೂ ಋಣ ಸಂಖ್ಯೆಯಾಗಿ ಬಂದು ಗೋಪುರ ಪಾತಾಳಕ್ಕೆ ಇಳಿದಿರುತ್ತದೆ.

ಹತ್ತಿರದ ಕೋನ α, ದೂರದ್ದು β, ನಡುವಿನ ಅಂತರ d, ಕಣ್ಣಿನ ಮಟ್ಟದಿಂದ ಕಳಶದ ತುದಿಯ ಎತ್ತರ h ಆದರೆ ಸೂತ್ರ ಇಷ್ಟೇ:

```
h = d / (cot β − cot α)
```

ಕಾಟ್ ಎಂಬ ಹೆಸರು ಕೇಳಿ ಗಾಬರಿಯಾಗುವುದು ಬೇಡ, ಅದು ಒಂದು ನೆರಳು. ಕಳಶದ ತುದಿಯಲ್ಲೊಂದು ದೀಪ ಉರಿಯುತ್ತಿದೆ ಎಂದುಕೊಳ್ಳಿ. ನೋಡುವವರ ಕಣ್ಣಿನ ಮಟ್ಟವೇ ನೆಲ ಎಂದೂ ಇರಲಿ. ಅಲ್ಲಿ ಒಂದು ಮೀಟರಿನ ಕೋಲನ್ನು, ಅದರ ನೆರಳಿನ ತುದಿ ಸರಿಯಾಗಿ ಕಣ್ಣಿನ ಜಾಗಕ್ಕೆ ಬರುವಂತೆ ನೆಟ್ಟರೆ, ಹತ್ತಿರದ ಕೋಲಿನ ನೆರಳು 1.0355 ಮೀಟರ್, ದೂರದ ಕೋಲಿನದ್ದು 1.9626 ಮೀಟರ್. ಎರಡಕ್ಕೂ ಇರುವ ವ್ಯತ್ಯಾಸ 0.9271. ನೆರಳಿನ ತುದಿ 45 ಮೀಟರ್ ಸರಿದಾಗ ನೆರಳು ಇಷ್ಟು ಉದ್ದವಾಯಿತು, ಹಾಗಾದರೆ ದೀಪ ಎಷ್ಟು ಎತ್ತರದಲ್ಲಿದೆ ಎಂಬುದು ಪ್ರಶ್ನೆ. 45ನ್ನು 0.9271ರಿಂದ ಭಾಗಿಸಿದರೆ 48.54. ಕ್ರಿ.ಶ. 499ರಲ್ಲಿ ಆರ್ಯಭಟ ತನ್ನ ಆರ್ಯಭಟೀಯದ ಗಣಿತಪಾದದಲ್ಲಿ ಕೊಟ್ಟದ್ದು ಇದೇ ದೀಪ ಮತ್ತು ಎರಡು ಶಂಕುಗಳ, ಅಂದರೆ ನೆಟ್ಟ ಕೋಲುಗಳ, ಲೆಕ್ಕ: ನೆರಳಿನ ತುದಿಗಳ ನಡುವಿನ ಅಂತರವನ್ನು ಒಂದು ನೆರಳಿನಿಂದ ಗುಣಿಸಿ, ನೆರಳುಗಳ ವ್ಯತ್ಯಾಸದಿಂದ ಭಾಗಿಸಿದರೆ ದೀಪದ ಬುಡಕ್ಕೆ ದೂರ, ಅದರಿಂದ ಎತ್ತರ. ಅವನಿಗೆ ಕೋನಮಾಪಕವೇ ಬೇಕಾಗಲಿಲ್ಲ.

48.54ಕ್ಕೆ ಕಣ್ಣಿನ ಎತ್ತರ 1.5 ಮೀಟರ್ ಸೇರಿಸಬೇಕು, ಆಗ 50.04. ಈ ಒಂದೂವರೆ ಮೀಟರನ್ನು ಬಿಟ್ಟುಬಿಡುವವರು ಬಹಳ. ಹತ್ತಿರದಲ್ಲಿ ಕುಳಿತು ನೋಡಿ ದೂರದಲ್ಲಿ ನಿಂತು ನೋಡುವವರದ್ದು ಇನ್ನೂ ಕಷ್ಟ, ಅವರು ಯಾವ ಕಣ್ಣನ್ನು ಸೇರಿಸಬೇಕು? ಕ್ಯಾಲ್ಕುಲೇಟರಿನಲ್ಲಿ ಕಾಟ್ ಗುಂಡಿ ಇರುವುದಿಲ್ಲ, 1ನ್ನು ಟ್ಯಾನ್‌ನಿಂದ ಭಾಗಿಸಬೇಕು. ಸ್ಪ್ರೆಡ್‌ಶೀಟ್ ಆದರೆ ಡಿಗ್ರಿಯನ್ನು ರೇಡಿಯನ್ ಮಾಡಿಕೊಡದಿದ್ದರೆ ಏನೇನೋ ಹೇಳುತ್ತದೆ:

```
=45/(1/TAN(RADIANS(27))-1/TAN(RADIANS(44)))+1.5
```

ಇಷ್ಟು ಸಲೀಸಾದ ಲೆಕ್ಕ ಎಲ್ಲಿ ಕೈಕೊಡುತ್ತದೆ ಎನ್ನುವುದೇ ಇದರ ಸ್ವಾರಸ್ಯ. ದೂರದ ಕೋನವನ್ನು 27ರ ಬದಲು 27.5 ಎಂದು ಓದಿದರೆ ಗೋಪುರ 2.3 ಮೀಟರ್ ಬೆಳೆಯುತ್ತದೆ. ಹತ್ತಿರದ್ದನ್ನು ಅಷ್ಟೇ ತಪ್ಪಾಗಿ 44.5 ಎಂದು ಓದಿದರೆ 0.9 ಮೀಟರ್ ಮಾತ್ರ ಕುಗ್ಗುತ್ತದೆ. ಕೋನ ಚಿಕ್ಕದಾದಷ್ಟೂ ನೆರಳು ಉದ್ದ, ಕೋನ ಚೂರು ಅಲುಗಿದರೂ ಉದ್ದನೆಯ ನೆರಳು ಹೆಚ್ಚು ಓಡುತ್ತದೆ. ಜನ ಹತ್ತಿರದಲ್ಲಿ ಕತ್ತೆತ್ತಿ ಹಿಡಿಯುವ ಕೋನದ ಬಗ್ಗೆಯೇ ಚಿಂತೆ ಮಾಡುತ್ತಾರೆ, ನಿಜವಾಗಿ ತಾಳ್ಮೆ ಬೇಕಾಗುವುದು ದೂರದ್ದಕ್ಕೆ.

ಇದಕ್ಕಿಂತ ಕೆಟ್ಟದ್ದು ಸೋಮಾರಿತನದ ಅಂತರ. ಬಿಸಿಲೆಂದು 45ರ ಬದಲು ಐದೇ ಮೀಟರ್ ಹಿಂದೆ ಸರಿದರೆ ದೂರದ ಕೋನ 41.3 ಡಿಗ್ರಿ ಬರಬೇಕು, ಅಂದರೆ ಎರಡು ಓದುಗಳ ನಡುವಿನ ವ್ಯತ್ಯಾಸ ಮೂರು ಡಿಗ್ರಿಗೂ ಕಡಿಮೆ. ಅದರಲ್ಲಿ ಅರ್ಧ ಡಿಗ್ರಿ ತಪ್ಪಿ 41.8 ಆಯಿತೆನ್ನಿ, 48.5 ಬರಬೇಕಾದಲ್ಲಿ 60 ಮೀಟರ್ ದಾಟುತ್ತದೆ. ಆ ಕಡೆಗೆ ತಪ್ಪಿ 40.8 ಆದರೆ 41ಕ್ಕೂ ಕಮ್ಮಿ. ಒಂದೇ ಗೋಪುರ, ಒಂದೇ ದಾರ, ಇಪ್ಪತ್ತು ಮೀಟರಿನ ವಾದ. ದೂರದ ಕೋನ ಹತ್ತಿರದ್ದರ ಅರ್ಧದ ಆಸುಪಾಸಿಗೆ ಬರುವವರೆಗೆ ಹಿಂದೆ ನಡೆಯುವುದೇ ಇದಕ್ಕೆ ಮದ್ದು.

ಇನ್ನು ‘ಸಮತಟ್ಟಾದ ನೆಲ’ ಎಂಬ ಮಾತು. ಪುಸ್ತಕದಲ್ಲಿ ಅದನ್ನು ಓದಿ ಮುಂದೆ ಹೋಗುತ್ತೇವೆ, ಬೀದಿಯಲ್ಲಿ ಹಾಗಾಗದು. 45 ಮೀಟರಿನಲ್ಲಿ ಒಂದು ಮೀಟರ್ ಇಳಿಜಾರು ಕಣ್ಣಿಗೆ ಸುಲಭವಾಗಿ ಗೊತ್ತಾಗುವುದಿಲ್ಲ. ದೂರದ ಜಾಗ ಅಷ್ಟು ತಗ್ಗಿನಲ್ಲಿದ್ದರೆ ಅಲ್ಲಿನ ಕೋನ ಸುಮಾರು 27.5 ಡಿಗ್ರಿ ಬರುತ್ತದೆ, ಗೋಪುರಕ್ಕೆ ಎರಡು ಮೀಟರಿಗೂ ಮಿಕ್ಕಿ ಸೇರಿಕೊಳ್ಳುತ್ತದೆ. ನೆಲದ ಒಂದು ಮೀಟರಿಗೆ ಉತ್ತರದಲ್ಲಿ ಎರಡು ಮೀಟರ್ ದಂಡ! ಗಾರೆ ಕೆಲಸದವರ ಬಳಿ ಇರುವ ನೀರು ತುಂಬಿದ ಲೆವೆಲ್ ಪೈಪ್ ಇಲ್ಲಿ ದುಬಾರಿ ಉಪಕರಣಕ್ಕಿಂತ ಮೇಲು. ಪೈಪಿನ ಎರಡು ತುದಿಯ ನೀರಿನ ಮಟ್ಟ ನೋಡಿಕೊಂಡು ಎರಡು ಕೋಲುಗಳ ಮೇಲೆ ಒಂದೇ ಮಟ್ಟದಲ್ಲಿ ಗುರುತು ಹಾಕಿ, ಆ ಗುರುತಿನ ಎತ್ತರಕ್ಕೇ ಕಣ್ಣಿಟ್ಟು ನೋಡಿದರಾಯಿತು. ಪೈಪು ಗಿಡ್ಡವಾದರೆ ಹಂತ ಹಂತವಾಗಿ ಸಾಗಬೇಕು. ಕೊನೆಗೆ ಸೇರಿಸುವ ಕಣ್ಣಿನ ಎತ್ತರವನ್ನು ಆಗ ಗೋಪುರದ ಬುಡದ ನೆಲದಿಂದಲೇ ಅಳೆಯಬೇಕು.

ಎರಡು ಜಾಗಗಳೂ ಕಳಶವೂ ಒಂದೇ ನೇರದಲ್ಲಿರಬೇಕು ಎನ್ನುವುದೂ ನಿಯಮವೇ. ಆದರೆ ಈ ನಿಯಮ ಮುರಿದರೆ ಅಷ್ಟು ನಷ್ಟವಿಲ್ಲ. ಹಿಂದೆ ಸರಿಯುವಾಗ ದಾರಿ ಹತ್ತು ಡಿಗ್ರಿ ಓರೆಯಾದರೂ ನಮ್ಮ ಉದಾಹರಣೆಯಲ್ಲಿ ತಪ್ಪು ಅರ್ಧ ಮೀಟರಿನೊಳಗೇ ಇರುತ್ತದೆ. ಬೀದಿಯಲ್ಲಿ ನಿಂತು ‘ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ’ ಎಂದು ಕೂಗಾಡುವ ಶ್ರಮವನ್ನು ದಾರ ಓದುವುದಕ್ಕೆ ಉಳಿಸಿಕೊಳ್ಳಬಹುದು.

ಉತ್ತರ ಸರಿಯೋ ಎಂದು ಪರೀಕ್ಷಿಸಲು ಈ ಗೋಪುರದಲ್ಲಿ ಒಂದು ಸೌಕರ್ಯವಿದೆ. 48.54ನ್ನು ಹತ್ತಿರದ ನೆರಳು 1.0355ರಿಂದ ಗುಣಿಸಿದರೆ 50.26 ಮೀಟರ್. ಕಳಶದ ನೇರ ಕೆಳಗಿನ ಬಿಂದುವಿಗೆ ಹತ್ತಿರದ ಜಾಗದಿಂದ ಇರಬೇಕಾದ ದೂರ ಅದು. ಗೋಪುರಕ್ಕೆ ಬಾಗಿಲಿದೆ, ಒಳಗೆ ದಾರಿ ಇದೆ. ಜನಸಂದಣಿ ಇಲ್ಲದ ಹೊತ್ತಿನಲ್ಲಿ ಟೇಪು ಎಳೆದುಕೊಂಡು ಹೋದರೆ 50.26ರ ತುದಿ ಬಾಗಿಲ ದಾರಿಯ ನಡುಮಧ್ಯಕ್ಕೆ ಬಂದು ಬೀಳಬೇಕು. ಒಳ ಅಂಗಳಕ್ಕೆ ದಾಟಿ ಹೋದರೆ ಅಥವಾ ಹೊಸ್ತಿಲ ಹೊರಗೇ ನಿಂತರೆ ಕೋನ ಎಲ್ಲೋ ಎಡವಿದೆ. ‘ಹಾಗಾದರೆ ಮೊದಲೇ ಒಳಗೆ ಟೇಪು ಹಿಡಿದು ಒಂದೇ ಕೋನದಲ್ಲಿ ಮುಗಿಸಬಹುದಿತ್ತಲ್ಲ’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಇಲ್ಲಿ ಮುಗಿಸಬಹುದು, ಕಳಶ ದಾರಿಯ ನಡುವಿನ ನೇರಕ್ಕೇ ಇದೆ ಎಂದು ನಂಬಿದರೆ. ಬೇಲಿ ಹಾಕಿದ ಮೊಬೈಲ್ ಟವರಿಗೋ ಕಾಲುವೆಯಾಚೆಯ ನೀರಿನ ಟ್ಯಾಂಕಿಗೋ ಆ ಸವಲತ್ತಿಲ್ಲ.

ಇಷ್ಟೆಲ್ಲ ಮಾಡಿ 50.04 ಎಂದು ಬರೆದರೆ ಆ .04 ಬರೀ ಡೌಲು. ಎರಡೂ ಕೋನಗಳಲ್ಲಿ ಅರ್ಧರ್ಧ ಡಿಗ್ರಿ ವಿರುದ್ಧ ದಿಕ್ಕಿಗೆ ತಪ್ಪಿದರೆ ಮೂರು ಮೀಟರ್ ಆಚೀಚೆ ಆಗುವ ರಟ್ಟಿನ ಉಪಕರಣವಿದು. ‘50 ಮೀಟರ್, ಹೆಚ್ಚುಕಡಿಮೆ 3’ ಎಂದು ಬರೆದು, ಪಕ್ಕದಲ್ಲಿ ‘ಬೀದಿಯ ಮಟ್ಟದಿಂದ, ಕಳಶದ ತುದಿಯವರೆಗೆ’ ಎಂದು ಸೇರಿಸಬೇಕು. ಕಳಶವನ್ನು ಬಿಟ್ಟು ಅಳೆದವರು, ಹೊಸ್ತಿಲಿನಿಂದ ಮೇಲಕ್ಕೆ ಅಳೆದವರು ಬೇರೆ ಅಂಕಿ ಹೇಳುತ್ತಾರೆ, ಅವರ ಅಳತೆಯೂ ಸರಿಯೇ ಇರಬಹುದು.